ಇಪ್ಪತ್ತು ಆರ್ಡರ್‌ಗೆ ಒಂದೇ ಪಟ್ಟಿ

ಶನಿವಾರ, ಭಾನುವಾರ ಬಂದ ಆರ್ಡರ್‌ಗಳೆಲ್ಲ ಸೋಮವಾರ ಬೆಳಗ್ಗೆ ಒಟ್ಟಿಗೆ ಎದುರು ನಿಲ್ಲುತ್ತವೆ. ಧಾರವಾಡದ ಕಡೆಯ ಒಂದು ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಶೇಂಗಾ, ಅಗಸಿ, ಗುರೆಳ್ಳು, ಪುಟಾಣಿ ಚಟ್ನಿಪುಡಿಗಳು, ಕೆಂಪು ಖಾರ, ಮಸಾಲೆ ಖಾರ, ಮೆಂತ್ಯದ ಹಿಟ್ಟು. ಇಷ್ಟನ್ನು ಮನೆಯಲ್ಲೇ ಮಾಡಿ, ಪಾಕೀಟು ಕಟ್ಟಿ, ವಾಟ್ಸ್ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಮೂಲಕ ಬೆಂಗಳೂರು, ಪುಣೆ, ಹೈದರಾಬಾದಿನವರೆಗೂ ಕಳಿಸುವ ಮನೆ ಅದು. ಚಟ್ನಿಪುಡಿಗಳಲ್ಲಿ 250 ಗ್ರಾಂ ಮತ್ತು 100 ಗ್ರಾಂ ಎರಡೂ ಅಳತೆಯ ಪಾಕೀಟುಗಳಿವೆ. ಉಳಿದವು 250 ಗ್ರಾಂ ಮಾತ್ರ. ಸೋಮವಾರಕ್ಕೆ ಇಪ್ಪತ್ತು ಆರ್ಡರ್ ಕೂಡಿವೆ. ಸಂಜೆ ನಾಲ್ಕಕ್ಕೆ ಕೊರಿಯರ್‌ನವರು ಬಾಗಿಲಿಗೆ ಬರುತ್ತಾರೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊಬೈಲಿನಲ್ಲಿ ಮೊದಲ ಆರ್ಡರ್ ತೆರೆಯುತ್ತಾರೆ, ಕಪಾಟಿನ ಹತ್ತಿರ ಹೋಗಿ ಅದರಲ್ಲಿ ಇರುವುದನ್ನೆಲ್ಲ ತೆಗೆಯುತ್ತಾರೆ, ತಂದು ಪೆಟ್ಟಿಗೆಗೆ ಹಾಕಿ ಟೇಪು ಹಚ್ಚುತ್ತಾರೆ. ಆಮೇಲೆ ಎರಡನೇ ಆರ್ಡರ್. ಶೇಂಗಾ ಚಟ್ನಿಯ ಡಬ್ಬವನ್ನು ಒಂದೇ ಬೆಳಗಿನಲ್ಲಿ ಹತ್ತಾರು ಸಲ ತೆರೆದು ಮುಚ್ಚುವುದಾಗುತ್ತದೆ. ಐದಾರು ಆರ್ಡರ್ ಇದ್ದಾಗ ಈ ಕ್ರಮವೇ ಸರಿ. ಸಂಖ್ಯೆ ಹತ್ತು ದಾಟಿದ ಮೇಲೆ ಮಾತ್ರ ಇದರಲ್ಲಿ ಎರಡು ತೊಂದರೆ ಹುಟ್ಟುತ್ತವೆ. ಹೊತ್ತು ಹೋಗುವುದು ಒಂದು. ಅದಕ್ಕಿಂತ ದೊಡ್ಡದು, ತಪ್ಪಾದರೆ ತಪ್ಪಾಗಿದೆ ಎಂದು ಮನೆಯಲ್ಲಿರುವಾಗಲೇ ತಿಳಿಯುವ ದಾರಿ ಇಲ್ಲದಿರುವುದು. ಏಳನೇ ಆರ್ಡರಿಗೆ ಒಂದು ಪಾಕೀಟು ಕಡಿಮೆ ಹಾಕಿದ್ದರೆ ಅದು ಗೊತ್ತಾಗುವುದು ನಾಲ್ಕು ದಿನ ಬಿಟ್ಟು, ಗ್ರಾಹಕರು ಫೋಟೋ ಕಳಿಸಿದಾಗ.

ಇದಕ್ಕೆ ಇರುವ ಉಪಾಯವೇ ಒಟ್ಟು ಪಟ್ಟಿ. ಗೋದಾಮುಗಳಲ್ಲಿ ಇದನ್ನು ಬ್ಯಾಚ್ ಪಿಕ್ ಲಿಸ್ಟ್ ಎನ್ನುತ್ತಾರೆ. ಎಲ್ಲ ಆರ್ಡರ್‌ಗಳನ್ನೂ ಸೇರಿಸಿ, ಯಾವ ಸಾಮಾನು ಒಟ್ಟು ಎಷ್ಟು ಬೇಕು ಎಂದು ಲೆಕ್ಕ ಹಾಕಿ, ಪ್ರತಿ ಡಬ್ಬಕ್ಕೆ ಒಂದೇ ಸಲ ಕೈ ಹಾಕಿ ಅಷ್ಟನ್ನೂ ತೆಗೆಯುವುದು, ಆಮೇಲೆ ಮೇಜಿನ ಮೇಲೆ ಆರ್ಡರ್ ಪ್ರಕಾರ ಹಂಚುವುದು. ಹೊತ್ತು ಉಳಿಯುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಎನಿಸುವುದು ಇನ್ನೊಂದು ಗುಣ. ಈ ಪಟ್ಟಿಯಲ್ಲಿ ಪ್ರತಿ ಪಾಕೀಟನ್ನೂ ಎರಡು ಸಲ, ಎರಡು ಬೇರೆ ದಿಕ್ಕಿನಿಂದ ಎಣಿಸಿದಂತಾಗುತ್ತದೆ. ಎರಡು ಎಣಿಕೆ ತಾಳೆಯಾಗದಿದ್ದರೆ ತಪ್ಪು ಅಲ್ಲೇ, ಆಗಲೇ, ಮೇಜಿನ ಮೇಲೆಯೇ ಕಾಣುತ್ತದೆ.

ಎಲ್ಲರಿಗೂ ಹೊಂದುವುದಿಲ್ಲ

ದೊಡ್ಡ ಗೋದಾಮಿನಲ್ಲಿ ಒಟ್ಟಿಗೆ ತೆಗೆಯುವ ಪದ್ಧತಿ ಬಂದದ್ದು ನಡೆದಾಟವನ್ನು ಕಡಿಮೆ ಮಾಡಲು. ಅಲ್ಲಿ ಸಾಮಾನು ತೆಗೆಯುವವರ ಹೊತ್ತಿನಲ್ಲಿ ದೊಡ್ಡ ಪಾಲು ರ‍್ಯಾಕ್‌ಗಳ ನಡುವೆ ಓಡಾಡುವುದರಲ್ಲೇ ಕಳೆಯುತ್ತದೆ. ಮನೆಯಲ್ಲಿ ಕಪಾಟು ಐದು ಹೆಜ್ಜೆ ದೂರದಲ್ಲಿರುತ್ತದೆ, ನಡೆದಾಟದ ಉಳಿತಾಯ ಹೆಚ್ಚಿಲ್ಲ. ಮನೆಯಲ್ಲಿ ಉಳಿಯುವುದು ಹುಡುಕುವ, ಮುಚ್ಚಳ ತೆಗೆದು ಹಾಕುವ, ಮತ್ತೆ ಮತ್ತೆ ಮೊಬೈಲ್ ನೋಡುವ ಹೊತ್ತು. ಆದ್ದರಿಂದ ಈ ಪದ್ಧತಿ ನಿಮಗೆ ಹೊಂದುತ್ತದೋ ಇಲ್ಲವೋ ಎಂಬುದು, ಒಂದೇ ಸಾಮಾನು ಎಷ್ಟು ಆರ್ಡರ್‌ಗಳಲ್ಲಿ ಮತ್ತೆ ಮತ್ತೆ ಬರುತ್ತದೆ ಎಂಬುದರ ಮೇಲೆ ನಿಂತಿದೆ.

ಅದನ್ನು ಅಳೆಯುವುದು ಸುಲಭ. ಎಲ್ಲ ಆರ್ಡರ್‌ಗಳನ್ನು ಸಾಲು ಸಾಲಾಗಿ ಬರೆಯಿರಿ. ಒಂದು ಆರ್ಡರಿನ ಒಂದು ಬಗೆಯ ಸಾಮಾನಿಗೆ ಒಂದು ಸಾಲು. ಒಟ್ಟು ಸಾಲುಗಳನ್ನು ಬೇರೆ ಬೇರೆ ಸಾಮಾನುಗಳ ಸಂಖ್ಯೆಯಿಂದ ಭಾಗಿಸಿ. ಉತ್ತರ ಮೂರರ ಆಚೀಚೆ ಇದ್ದರೆ ಒಟ್ಟು ಪಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದರ ಹತ್ತಿರ ಇದ್ದರೆ, ಅಂದರೆ ಪ್ರತಿ ಆರ್ಡರಿನಲ್ಲೂ ಬೇರೆಯದೇ ಸಾಮಾನು ಇದ್ದರೆ, ಒಟ್ಟು ಮಾಡಲು ಏನೂ ಇರುವುದಿಲ್ಲ. ಹಳೆ ಪುಸ್ತಕ ಮಾರುವವರು, ಒಂದೊಂದೇ ತುಣುಕಿನ ಕೈಕೆಲಸದ ಆಭರಣ ಅಥವಾ ಸೀರೆ ಮಾರುವವರು ಈ ಗುಂಪಿಗೆ ಸೇರುತ್ತಾರೆ. ಅವರು ಆರ್ಡರ್‌ಗೊಂದು ಟ್ರೇ ಇಟ್ಟು ನೇರವಾಗಿ ಅದಕ್ಕೇ ತೆಗೆದು ಹಾಕುವುದು ಒಳ್ಳೆಯದು. ಹಂಚುವ ಕೆಲಸ ಅವರಿಗೆ ಸುಮ್ಮನೆ ಹೆಚ್ಚಿನ ಹೊರೆ.

ಚಟ್ನಿಪುಡಿಯ ಮನೆಯ ಲೆಕ್ಕ ನೋಡೋಣ. ಇಪ್ಪತ್ತು ಆರ್ಡರ್‌ಗಳಲ್ಲಿ ಎಂಟು ಆರ್ಡರ್‌ಗಳಲ್ಲಿ ಇರುವುದು ಒಂದೇ ಬಗೆಯ ಸಾಮಾನು: ಐದರಲ್ಲಿ ಶೇಂಗಾ ಚಟ್ನಿ, ಮೂರರಲ್ಲಿ ಮಸಾಲೆ ಖಾರ. ಇವನ್ನು ಮೊದಲೇ ಬೇರೆ ಮಾಡಬೇಕು. ಒಂದೇ ಬಗೆ ಇರುವ ಆರ್ಡರನ್ನು ಹಂಚುವ ಅಗತ್ಯವೇ ಇಲ್ಲ. ಶೇಂಗಾದ ಐದು ಚೀಟಿಗಳನ್ನು ಒಟ್ಟಿಗೆ ಇಟ್ಟುಕೊಂಡು, ಬೇಕಾದಷ್ಟು ಪಾಕೀಟು ತಂದು, ಒಂದರ ಹಿಂದೆ ಒಂದರಂತೆ ಕಟ್ಟಿ ಮುಗಿಸಬಹುದು. ಮೀಶೋ, ಫ್ಲಿಪ್‌ಕಾರ್ಟ್‌ನಂಥ ತಾಣಗಳಲ್ಲಿ ಮಾರುವ ಎಷ್ಟೋ ಜನರ ಆರ್ಡರ್‌ಗಳು ಬಹುಪಾಲು ಹೀಗೇ ಇರುತ್ತವೆ. ಅಂಥವರು ಲೇಬಲ್‌ಗಳನ್ನೇ ಸಾಮಾನಿನ ಪ್ರಕಾರ ಜೋಡಿಸಿ ಪ್ರಿಂಟ್ ತೆಗೆದರೆ ಅದೇ ಅವರ ಪಟ್ಟಿ.

ಉಳಿದ ಹನ್ನೆರಡು ಆರ್ಡರ್‌ಗಳಲ್ಲಿ 41 ಸಾಲು, 53 ಪಾಕೀಟು, 11 ಬಗೆಯ ಸಾಮಾನು ಇವೆ. 41ನ್ನು 11ರಿಂದ ಭಾಗಿಸಿದರೆ ಮೂರೂಮುಕ್ಕಾಲಿನ ಹತ್ತಿರ ಬರುತ್ತದೆ. ಆರ್ಡರ್ ಪ್ರಕಾರ ತೆಗೆದಿದ್ದರೆ 41 ಸಲ ಡಬ್ಬ ತೆರೆಯಬೇಕಿತ್ತು, ಒಟ್ಟು ಪಟ್ಟಿಯಲ್ಲಿ 11 ಸಲ ಸಾಕು. ಇನ್ನು ಮುಂದಿನ ಮಾತೆಲ್ಲ ಈ ಹನ್ನೆರಡು ಆರ್ಡರ್‌ಗಳದ್ದೇ.

ಪಟ್ಟಿ ಕಟ್ಟುವುದು

ಕಾಗದದ ಮೇಲೂ ಬರೆಯಬಹುದು. ವಾರಕ್ಕೆ ಎರಡು ಮೂರು ಸಲ ಮಾಡುವ ಕೆಲಸವಾದರೆ ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ಮಾಡಿಕೊಳ್ಳುವುದು ಲೇಸು. ಐದು ಕಾಲಂ ಸಾಕು: ಆರ್ಡರ್ ಸಂಖ್ಯೆ, ಟ್ರೇ ಸಂಖ್ಯೆ, ಕಪಾಟಿನ ಜಾಗ, ಸಾಮಾನಿನ ಹೆಸರು, ಎಷ್ಟು. ಹಣ ಬಂದಿರುವ ಆರ್ಡರ್‌ಗಳು ಮಾತ್ರ ಈ ಹಾಳೆಗೆ ಬರಬೇಕು. "ನಾಳೆ ಹಾಕ್ತೀನಿ ಮೇಡಂ" ಎಂದವರ ಆರ್ಡರ್ ಸೇರಿಸಿದರೆ ಕೊನೆಯಲ್ಲಿ ಅದನ್ನು ಬಿಡಿಸುವುದೇ ಒಂದು ಕೆಲಸವಾಗುತ್ತದೆ.

ಕಪಾಟಿನ ಜಾಗಕ್ಕೆ ಎರಡು ಅಂಕಿಯ ಗುರುತು ಇಟ್ಟುಕೊಳ್ಳಿ. ಮೊದಲ ಅಂಕಿ ಎಷ್ಟನೇ ಹಲಗೆ ಎಂದು, ಎರಡನೆಯದು ಎಡದಿಂದ ಎಷ್ಟನೇ ಡಬ್ಬ ಎಂದು. 12 ಎಂದರೆ ಮೊದಲ ಹಲಗೆಯ ಎರಡನೇ ಡಬ್ಬ. ಡಬ್ಬದ ಮೇಲೂ ಅದೇ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಬೇಕು. ಪಟ್ಟಿ ಈ ಸಂಖ್ಯೆಯ ಕ್ರಮದಲ್ಲೇ ಬರಬೇಕು, ಅಕ್ಷರಮಾಲೆಯ ಕ್ರಮದಲ್ಲಿ ಅಲ್ಲ. ಹಾಗಿದ್ದಾಗ ಕಪಾಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಲ ಹೋದರೆ ಕೆಲಸ ಮುಗಿಯುತ್ತದೆ.

ಡಬ್ಬಗಳನ್ನು ಜೋಡಿಸುವಾಗ ಒಂದು ವಿಷಯ ಗಮನಿಸಬೇಕು. ಅಗಸಿ ಚಟ್ನಿಯೂ ಗುರೆಳ್ಳು ಚಟ್ನಿಯೂ ಪಾರದರ್ಶಕ ಪಾಕೀಟಿನಲ್ಲಿ ಕಡುಬಣ್ಣದ ಪುಡಿಗಳೇ, ಅವಸರದ ಕಣ್ಣಿಗೆ ಒಂದೇ. ಕೆಂಪು ಖಾರ, ಮಸಾಲೆ ಖಾರಗಳದ್ದೂ ಅದೇ ಕಥೆ. ಇವನ್ನು ಅಕ್ಕಪಕ್ಕ ಇಡಬಾರದು. ನಮ್ಮ ಉದಾಹರಣೆಯ ಮನೆಯಲ್ಲಿ ಅಗಸಿ 12ರಲ್ಲಿದೆ, ಗುರೆಳ್ಳು ಕೆಳಗಿನ ಹಲಗೆಯ 21ರಲ್ಲಿದೆ. 100 ಗ್ರಾಂನ ಪಾಕೀಟುಗಳಿಗೆ ಮೂರನೇ ಹಲಗೆಯನ್ನೇ ಬಿಟ್ಟಿದ್ದಾರೆ. 250 ಕೇಳಿದವರಿಗೆ 100 ಹೋಗದಿರಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಸಾಮಾನಿನ ಹೆಸರನ್ನು ಪ್ರತಿ ಸಲ ಕೈಯಿಂದ ಬರೆದರೆ ಪಟ್ಟಿ ಒಡೆಯುತ್ತದೆ. ಒಂದು ಕಡೆ "ಶೇಂಗಾ ಚಟ್ನಿ 250" ಎಂದೂ ಇನ್ನೊಂದು ಕಡೆ "ಶೇಂಗಾ ಪುಡಿ 250" ಎಂದೂ ಬರೆದರೆ ಶೀಟು ಅವನ್ನು ಎರಡು ಸಾಮಾನು ಎಂದೇ ಎಣಿಸುತ್ತದೆ. ಅದಕ್ಕೆ items ಎಂಬ ಎರಡನೇ ಹಾಳೆಯಲ್ಲಿ ಎಲ್ಲ ಸಾಮಾನುಗಳ ಹೆಸರನ್ನೂ ಅವುಗಳ ಪಕ್ಕದಲ್ಲಿ ಕಪಾಟಿನ ಸಂಖ್ಯೆಯನ್ನೂ ಒಮ್ಮೆ ಬರೆದಿಡಿ. ಮೊದಲ ಹಾಳೆಯಲ್ಲಿ ಹೆಸರು D ಕಾಲಂನಲ್ಲಿದ್ದರೆ, C ಕಾಲಂನಲ್ಲಿ ಈ ಸೂತ್ರ ಹಾಕಿದರೆ ಜಾಗ ತಾನಾಗಿ ಬರುತ್ತದೆ:

```
=VLOOKUP(D2,items!A:B,2,FALSE)
```

ಹೆಸರಿನಲ್ಲಿ ಒಂದಕ್ಷರ ಬೇರೆಯಾದರೂ ಇಲ್ಲಿ #N/A ಎಂದು ಬರುತ್ತದೆ. ಅದು ಕಂಡರೆ ಗಾಬರಿ ಬೇಡ, ಕಾಗುಣಿತ ತಪ್ಪಿದೆ ಎಂದು ಶೀಟು ಎಚ್ಚರಿಸುತ್ತಿದೆ ಅಷ್ಟೆ.

ಇನ್ನೊಂದು ತಪ್ಪಿದೆ, ಅದನ್ನು ಶೀಟು ಹೇಳುವುದಿಲ್ಲ. "ಎಷ್ಟು" ಎಂಬ ಕಾಲಂನಲ್ಲಿ 2 ಎನ್ನುವ ಬದಲು ಯಾರಾದರೂ "2 ಪಾಕೀಟು" ಎಂದು ಬರೆದರೆ ಅದು ಅಂಕಿಯಲ್ಲ, ಅಕ್ಷರ. ಮೊತ್ತ ಹಾಕುವಾಗ ಶೀಟು ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎರಡು ಪಾಕೀಟು ಪಟ್ಟಿಯಿಂದಲೇ ಮಾಯವಾಗುತ್ತವೆ, ಮೊತ್ತವನ್ನು ಇನ್ನೊಮ್ಮೆ ಕೂಡಿ ನೋಡಿದರೂ ಅದೇ ತಪ್ಪು ಉತ್ತರ ಬರುತ್ತದೆ. ಇದನ್ನು ಹಿಡಿಯಲು ಹಾಳೆಯ ಮೂಲೆಯಲ್ಲಿ ಒಂದು ಪರೀಕ್ಷೆ ಇಡಬೇಕು:

```
=COUNTA(E2:E)-COUNT(E2:E)
```

ಮೊದಲನೆಯದು ತುಂಬಿರುವ ಮನೆಗಳನ್ನು ಎಣಿಸುತ್ತದೆ, ಎರಡನೆಯದು ಅಂಕಿ ಇರುವ ಮನೆಗಳನ್ನು ಮಾತ್ರ. ಉತ್ತರ ಸೊನ್ನೆ ಇರಬೇಕು. ಸೊನ್ನೆ ಬರದಿದ್ದರೆ ಅಷ್ಟು ಮನೆಗಳಲ್ಲಿ ಅಂಕಿಯ ಜಾಗದಲ್ಲಿ ಅಕ್ಷರ ಕೂತಿದೆ. ಸರಿಮಾಡದೆ ಪಟ್ಟಿ ಪ್ರಿಂಟ್ ತೆಗೆಯಬಾರದು.

ಸೆಟ್‌ಗಳ ಬಗ್ಗೆಯೂ ಒಂದು ಮಾತು. ನಾಲ್ಕು ಚಟ್ನಿಯ 100 ಗ್ರಾಂ ಪಾಕೀಟುಗಳನ್ನು ಸೇರಿಸಿ "ನಾಲ್ಕು ಚಟ್ನಿ ಸೆಟ್" ಎಂದು ಮಾರುವವರು ಆರ್ಡರನ್ನು ಶೀಟಿಗೆ ಬರೆಯುವಾಗಲೇ ಅದನ್ನು ನಾಲ್ಕು ಸಾಲುಗಳಾಗಿ ಬಿಡಿಸಬೇಕು. ಕಪಾಟಿನಲ್ಲಿ ಸೆಟ್ ಎಂಬ ವಸ್ತು ಇಲ್ಲ, ಅಲ್ಲಿರುವುದು ಬಿಡಿ ಪಾಕೀಟುಗಳು. ಬಿಡಿಸದೆ ಹೋದರೆ 100 ಗ್ರಾಂನ ಗುರೆಳ್ಳು ನಿಜವಾಗಿ ಎಷ್ಟು ಬೇಕು ಎಂಬುದು ಪಟ್ಟಿಯಲ್ಲಿ ಕಾಣುವುದಿಲ್ಲ. ಸಾಮಾನು ಸಾಲದು ಎಂಬುದು ತಿಳಿಯುವುದು ಕೊನೆಯ ಸೆಟ್ ಕಟ್ಟುವಾಗ.

ಇಷ್ಟಾದ ಮೇಲೆ ಶೀಟ್ಸ್‌ನ ಪಿವೋಟ್ ಟೇಬಲ್ ಉಳಿದ ಕೆಲಸ ಮಾಡುತ್ತದೆ. ಸಾಲುಗಳಿಗೆ ಜಾಗ ಮತ್ತು ಹೆಸರು, ಕಾಲಂಗಳಿಗೆ ಟ್ರೇ ಸಂಖ್ಯೆ, ಒಳಗೆ "ಎಷ್ಟು" ಎಂಬುದರ ಮೊತ್ತ. ಒಂದೇ ಹಾಳೆಯಲ್ಲಿ ಎರಡೂ ಸಿಗುತ್ತವೆ. ಸಾಲಿನ ಕೊನೆಯ ಮೊತ್ತ ಡಬ್ಬದಿಂದ ಎಷ್ಟು ತೆಗೆಯಬೇಕೆಂದು ಹೇಳುತ್ತದೆ, ಕಾಲಂನ ಕೆಳಗಿನ ಮೊತ್ತ ಆ ಟ್ರೇಯಲ್ಲಿ ಕೊನೆಗೆ ಎಷ್ಟು ಪಾಕೀಟು ಇರಬೇಕೆಂದು ಹೇಳುತ್ತದೆ. ಅಡ್ಡ ಕೂಡಿದರೂ ಉದ್ದ ಕೂಡಿದರೂ 53 ಬರಬೇಕು. ಅದರಲ್ಲಿ ಎರಡು ಸಾಲುಗಳನ್ನು ಬಿಡಿಸಿ ಬರೆದರೆ ಹೀಗಿರುತ್ತವೆ:

12 – ಅಗಸಿ ಚಟ್ನಿ 250 – ಒಟ್ಟು 7 – ಟ್ರೇ 3ಕ್ಕೆ ಎರಡು. 2, 5, 8, 9, 11ಕ್ಕೆ ಒಂದೊಂದು

21 – ಗುರೆಳ್ಳು ಚಟ್ನಿ 250 – ಒಟ್ಟು 5 – ಟ್ರೇ 1, 4, 5, 9, 12ಕ್ಕೆ ಒಂದೊಂದು

ಪ್ರಿಂಟ್ ತೆಗೆದ ಮೇಲೆ ಪಟ್ಟಿಗೆ ಬಾಗಿಲು ಹಾಕಬೇಕು. ಅರ್ಧ ಗಂಟೆ ಬಿಟ್ಟು "ಇನ್ನೊಂದು ಶೇಂಗಾ ಸೇರಿಸಿ" ಎಂದು ಮೆಸೇಜ್ ಬಂದರೆ ಪಟ್ಟಿಯ ಅಂಕಿ ತಿದ್ದಬಾರದು. ಒಂದು ಚೀಟಿಯಲ್ಲಿ ಬರೆದು ಆ ಟ್ರೇಗೆ ಹಾಕಿ, ಹಂಚಿಕೆಯೆಲ್ಲ ಮುಗಿದ ಮೇಲೆ ಬೇರೆಯಾಗಿ ತೆಗೆದುಕೊಡಿ. ಯಾರಾದರೂ ಆರ್ಡರ್ ರದ್ದು ಮಾಡಿದರೂ ಹಾಗೆಯೇ: ಹಂಚಿಕೆ ಮುಗಿಯಲಿ, ಆಮೇಲೆ ಆ ಟ್ರೇಯನ್ನು ಇಡಿಯಾಗಿ ಪಕ್ಕಕ್ಕೆ ಇಡಿ. ನಡುವೆ ತಿದ್ದಿದರೆ ಅಡ್ಡ ಮೊತ್ತ, ಉದ್ದ ಮೊತ್ತಗಳ ತಾಳೆ ಹೋಗುತ್ತದೆ. ತಾಳೆ ಹೋದರೆ ಪಟ್ಟಿಯಿಂದ ಸಿಗುವ ಮುಖ್ಯ ಪ್ರಯೋಜನವೇ ಹೋದಂತೆ.

ತೆಗೆಯುವುದು

ಕಪಾಟಿನ ಮುಂದೆ ಪಟ್ಟಿ, ಪೆನ್ನು, ಒಂದು ದೊಡ್ಡ ಬುಟ್ಟಿ. ಪ್ರತಿ ಸಾಲಿನ ಮುಂದೆ ಸರಿ ಗುರುತು ಹಾಕುವುದಕ್ಕಿಂತ, ನಿಜವಾಗಿ ತೆಗೆದದ್ದು ಎಷ್ಟು ಎಂದು ಅಂಕಿಯಲ್ಲೇ ಬರೆಯುವುದು ಒಳ್ಳೆಯದು. ಸರಿ ಗುರುತು ಹಾಕುವ ಕೈ ಎಣಿಸದೆಯೂ ಹಾಕಿಬಿಡುತ್ತದೆ, 7 ಎಂದು ಬರೆಯಬೇಕಾದರೆ ಏಳು ಎಣಿಸಲೇಬೇಕು. ಹಳೆಯ ಪಾಕೀಟುಗಳು ಡಬ್ಬದ ಮುಂದೆ, ಹೊಸವು ಹಿಂದೆ ಇರಲಿ. ಪಾಕೀಟಿನ ಮೇಲಿನ ಬ್ಯಾಚ್ ಸಂಖ್ಯೆಯನ್ನು ಆ ಸಾಲಿನ ಪಕ್ಕದಲ್ಲೇ ಬರೆದಿಟ್ಟರೆ, ಮುಂದೆ ಯಾರಾದರೂ ಪುಡಿ ಕಮಟಾಗಿದೆ ಎಂದರೆ ಅದೇ ಬ್ಯಾಚಿನದು ಇನ್ನು ಯಾರಿಗೆಲ್ಲ ಹೋಗಿದೆ ಎಂದು ಆ ಒಂದು ಹಾಳೆ ನೋಡಿ ಹೇಳಬಹುದು.

ಈಗ 21ನೇ ಡಬ್ಬದಲ್ಲಿ ಗುರೆಳ್ಳು ಚಟ್ನಿ ನಾಲ್ಕೇ ಇದೆ, ಬೇಕಾದದ್ದು ಐದು. ಪಟ್ಟಿಯಲ್ಲಿ 4 ಎಂದು ಬರೆದು, ಅಲ್ಲೇ ಒಂದು ತೀರ್ಮಾನ ಮಾಡಬೇಕು: ಯಾವ ಆರ್ಡರ್ ನಿಲ್ಲಬೇಕು? ತೀರ್ಮಾನ ಮಾಡದೆ ಹಂಚಲು ಕೂತರೆ ಕೊರತೆ ತಾನಾಗಿ ಕೊನೆಯ ಟ್ರೇಗೆ ಬೀಳುತ್ತದೆ. ಆ ಆರ್ಡರ್ ನಾಳೆಯ ಗೃಹಪ್ರವೇಶಕ್ಕೆ ಬೇಕಾದದ್ದೂ ಆಗಿರಬಹುದು. ಇಲ್ಲಿ ಟ್ರೇ 12ರ ಆರ್ಡರ್ ಧಾರವಾಡದ್ದೇ ಎಂದಿಟ್ಟುಕೊಳ್ಳಿ, ಎರಡು ದಿನ ಬಿಟ್ಟು ಹೊಸ ಪುಡಿಯಾದ ಮೇಲೆ ಕೈಯಲ್ಲೇ ತಲುಪಿಸಬಹುದು. ಹಾಗಾದರೆ ಅದನ್ನೇ ನಿಲ್ಲಿಸಿ, ಆಗಲೇ ಒಂದು ಮೆಸೇಜ್ ಹಾಕಬೇಕು. ಟ್ರೇ 12ರ ಉಳಿದ ಸಾಮಾನುಗಳನ್ನು ಮಾತ್ರ ಎಂದಿನಂತೆ ತೆಗೆದು ಆ ಟ್ರೇಗೇ ಹಾಕಿ "ಗುರೆಳ್ಳು 1 ಬಾಕಿ" ಎಂಬ ಚೀಟಿ ಇಡಿ. ಅವನ್ನು ಡಬ್ಬಕ್ಕೆ ವಾಪಸ್ ಹಾಕಿದರೆ ನಾಳೆ ಅವೂ ಬೇರೆಯವರ ಪಾಲಾಗುತ್ತವೆ.

ಎಲ್ಲ ಸಾಮಾನೂ ಒಟ್ಟು ಪಟ್ಟಿಗೆ ಬರಬೇಕಿಲ್ಲ. ಜೋಳದ ಖಡಕ್ ರೊಟ್ಟಿಯನ್ನೂ ಮಾರುವವರಿದ್ದಾರೆ. ರೊಟ್ಟಿಯ ಕಟ್ಟನ್ನು ಬುಟ್ಟಿಗೆ ಹಾಕಿ, ಟ್ರೇಗೆ ಹಾಕಿ, ಮತ್ತೆ ಪೆಟ್ಟಿಗೆಗೆ ಹಾಕಿದರೆ ಮೂರು ಸಲ ಕೈ ಬದಲಾದಂತಾಗಿ ರೊಟ್ಟಿ ಚೂರಾಗುತ್ತದೆ. ಅಂಥದ್ದನ್ನು ಆರ್ಡರ್ ಚೀಟಿಯಲ್ಲಿ ಗುರುತು ಮಾಡಿಟ್ಟು, ಪೆಟ್ಟಿಗೆ ಮುಚ್ಚುವ ಹೊತ್ತಿಗೆ ನೇರವಾಗಿ ತಂದು ಎಲ್ಲದರ ಮೇಲೆ ಇಡಬೇಕು.

ಹಂಚುವುದು

ಮೇಜಿನ ಮೇಲೆ ಹನ್ನೆರಡು ಟ್ರೇ, 1ರಿಂದ 12ರ ವರೆಗೆ ಸಂಖ್ಯೆ ಬರೆದದ್ದು. ಟ್ರೇ ಇಲ್ಲದಿದ್ದರೆ ಹಳೆಯ ರಟ್ಟಿನ ಪೆಟ್ಟಿಗೆಯ ತಳವೂ ಆಗುತ್ತದೆ. ಪ್ರತಿ ಟ್ರೇಯಲ್ಲೂ ಆ ಆರ್ಡರಿನ ಚೀಟಿ ಮತ್ತು ವಿಳಾಸದ ಲೇಬಲ್ ಮೊದಲೇ ಇರಬೇಕು. ಚೀಟಿಯ ಕೆಳಗೆ ಒಟ್ಟು ಎಷ್ಟು ಪಾಕೀಟು ಎಂದು ಬರೆದಿರಬೇಕು. ಒಂದು ಸಲಕ್ಕೆ ಎಷ್ಟು ಆರ್ಡರ್ ಹಿಡಿಯಬೇಕು ಎಂಬುದನ್ನು ನಿರ್ಧರಿಸುವುದು ಈ ಮೇಜೇ. ಕೈಗೆ ಎಟಕುವಷ್ಟು ದೂರದಲ್ಲಿ ಎಷ್ಟು ಟ್ರೇ ಹಿಡಿಯುತ್ತವೋ ಅಷ್ಟೇ ಆರ್ಡರ್. ಮೂವತ್ತು ಬಂದರೆ ಹದಿನೈದರಂತೆ ಎರಡು ಪಟ್ಟಿ ಮಾಡಬೇಕು. ಟ್ರೇಗಳನ್ನು ನೆಲದ ಮೇಲೆ, ಮಂಚದ ಮೇಲೆ ಹರಡಿದರೆ ತಪ್ಪುಗಳು ಅಲ್ಲಿಂದಲೇ ಶುರು.

ಹಂಚುವ ಕ್ರಮ ಊಟದ ಪಂಕ್ತಿಯದ್ದು. ಪಂಕ್ತಿಯಲ್ಲಿ ಬಡಿಸುವವರು ಒಂದು ಎಲೆಗೆ ಎಲ್ಲ ಪದಾರ್ಥ ಬಡಿಸಿ ಮುಂದಿನ ಎಲೆಗೆ ಹೋಗುವುದಿಲ್ಲ. ಒಂದೇ ಪದಾರ್ಥ ಹಿಡಿದು ಸಾಲಿನುದ್ದಕ್ಕೂ ಹೋಗುತ್ತಾರೆ. ಇಲ್ಲೂ ಬುಟ್ಟಿಯಿಂದ ಅಗಸಿಯ ಏಳು ಪಾಕೀಟುಗಳನ್ನು ಮಾತ್ರ ಹೊರಗೆ ತೆಗೆಯಬೇಕು, 2, 3, 5, 8, 9, 11 ಎಂದು ಹೋಗುತ್ತ ಹಾಕಬೇಕು. ಹನ್ನೊಂದಕ್ಕೆ ಹಾಕಿದ ಮೇಲೆ ಕೈ ಖಾಲಿಯಾಗಬೇಕು. ಆಮೇಲೆಯೇ ಮುಂದಿನ ಸಾಮಾನು.

ಕೈ ಖಾಲಿಯಾಗಬೇಕು ಎಂಬುದೇ ಇಡೀ ಪದ್ಧತಿಯ ತಿರುಳು. ಹನ್ನೊಂದನೇ ಟ್ರೇಗೆ ಹಾಕಿದ ಮೇಲೂ ಕೈಯಲ್ಲಿ ಒಂದು ಅಗಸಿ ಉಳಿದಿದೆ ಎನ್ನೋಣ. ಕಾರಣ ಎರಡೇ ಇರಲು ಸಾಧ್ಯ: ತೆಗೆಯುವಾಗ ಒಂದು ಹೆಚ್ಚು ಬಂದಿದೆ, ಇಲ್ಲವೇ ಯಾವುದೋ ಟ್ರೇಗೆ ಕಡಿಮೆ ಬಿದ್ದಿದೆ. ನೋಡಬೇಕಾದದ್ದು ಆರು ಟ್ರೇ ಮಾತ್ರ. ಮೊದಲು ನೋಡಬೇಕಾದದ್ದು ಮೂರನೆಯದನ್ನು, ಏಕೆಂದರೆ ಎರಡು ಹಾಕಬೇಕಿದ್ದ ಟ್ರೇ ಅದೊಂದೇ. ಒಂದೊಂದೇ ಹಾಕುತ್ತ ಹೋಗುವ ಕೈ ಎರಡು ಇರುವ ಕಡೆಯೂ ಒಂದನ್ನೇ ಹಾಕಿ ಮುಂದೆ ಹೋಗಿರುತ್ತದೆ. ಅರ್ಧ ನಿಮಿಷದಲ್ಲಿ ತಪ್ಪು ಸಿಗುತ್ತದೆ. ಇದೇ ಪಾಕೀಟು ಎಲ್ಲ ಸಾಮಾನು ಹಂಚಿದ ಮೇಲೆ ಬುಟ್ಟಿಯ ತಳದಲ್ಲಿ ಸಿಕ್ಕಿದ್ದರೆ, ಹನ್ನೆರಡು ಟ್ರೇಗಳನ್ನೂ ಮತ್ತೆ ಎಣಿಸಬೇಕಾಗುತ್ತಿತ್ತು. ಟೇಪು ಹಚ್ಚಿದ ಮೇಲೆ ಸಿಕ್ಕಿದ್ದರೆ ಪೆಟ್ಟಿಗೆಗಳನ್ನೇ ಬಿಚ್ಚಬೇಕಾಗುತ್ತಿತ್ತು. ಆದ್ದರಿಂದ ಉಳಿದ ಪಾಕೀಟನ್ನು "ಆಮೇಲೆ ನೋಡೋಣ" ಎಂದು ಪಕ್ಕಕ್ಕೆ ಇಡುವುದು ಈ ಕೆಲಸದಲ್ಲಿ ಮಾಡಬಾರದ ಒಂದೇ ಒಂದು ಕೆಲಸ ಎನ್ನಬಹುದು.

ಎಣಿಕೆಗೆ ಕಾಣದ ತಪ್ಪು

ಎರಡು ದಿಕ್ಕಿನ ಎಣಿಕೆಗೂ ಒಂದು ಮಿತಿಯಿದೆ, ಅದನ್ನು ತಿಳಿದುಕೊಂಡೇ ಈ ಪದ್ಧತಿ ಬಳಸಬೇಕು. ಪಾಕೀಟು ಕಟ್ಟಿ ಜೋಡಿಸುವ ದಿನ ಅಗಸಿಯ ಡಬ್ಬಕ್ಕೆ ಒಂದು ಗುರೆಳ್ಳು ಪಾಕೀಟು ತಪ್ಪಿ ಸೇರಿದೆ ಎಂದುಕೊಳ್ಳಿ. 12ರಿಂದ ಏಳು ಎಣಿಸಿ ತೆಗೆದಾಗ ಅದೂ ಬಂತು. ಹಂಚುವಾಗ ಟ್ರೇ 3ಕ್ಕೆ ಬಿತ್ತು. ಸಾಲಿನ ಮೊತ್ತ ಏಳೇ, ಕೈಯೂ ಖಾಲಿ, ಟ್ರೇ 3ರಲ್ಲಿ ಇರಬೇಕಾದ ಐದು ಪಾಕೀಟುಗಳೂ ಇವೆ. ತೂಗಿ ನೋಡಿದರೂ 250 ಗ್ರಾಂಗೆ 250 ಗ್ರಾಂ, ತೂಕವೂ ಸರಿಯಾಗಿಯೇ ಇದೆ. ಯಾವ ಎಣಿಕೆಯೂ ಈ ತಪ್ಪನ್ನು ಹಿಡಿಯದು. 21ನೇ ಡಬ್ಬದಲ್ಲಿ ಐದರ ಬದಲು ನಾಲ್ಕೇ ಇದ್ದದ್ದು ಈ ಕಾರಣಕ್ಕೂ ಇರಬಹುದು. ಕೊರತೆ ಕಂಡಾಗ ಅದನ್ನೇ ಹೋಲುವ ಸಾಮಾನಿನ ಡಬ್ಬವನ್ನೂ ಒಮ್ಮೆ ಇಣುಕಿ ನೋಡುವುದು ಅದಕ್ಕೇ.

ಇಂಥ ತಪ್ಪನ್ನು ಹಿಡಿಯುವುದು ಕಣ್ಣು ಮಾತ್ರ, ಅದೂ ಪಾಕೀಟಿನ ಮೇಲಿನ ಹೆಸರನ್ನು ನಿಜವಾಗಿ ಓದಿದಾಗ. ಆದ್ದರಿಂದ ಪೆಟ್ಟಿಗೆಗೆ ಹಾಕುವಾಗ ಒಟ್ಟು ಪಟ್ಟಿಯನ್ನು ಮುಚ್ಚಿಟ್ಟು, ಟ್ರೇಯಲ್ಲಿರುವ ಆರ್ಡರ್ ಚೀಟಿಯನ್ನು ಕೈಗೆತ್ತಿಕೊಳ್ಳಬೇಕು. ಒಂದು ಪಾಕೀಟು ಎತ್ತಿ, ಅದರ ಹೆಸರು ಮತ್ತು ಅಳತೆಯನ್ನು ಬಾಯಿಬಿಟ್ಟು ಓದಿ, ಚೀಟಿಯಲ್ಲಿ ಗೆರೆ ಹಾಕಿ ಪೆಟ್ಟಿಗೆಗೆ ಹಾಕಬೇಕು. ಮನೆಯಲ್ಲಿ ಇನ್ನೊಬ್ಬರಿದ್ದರೆ ಹಂಚಿದವರು ಬೇರೆ, ಓದಿ ಕಟ್ಟುವವರು ಬೇರೆ ಆಗಲಿ. ಬಣ್ಣ ನೋಡಿ ಗುರುತಿಸುವ ಅಭ್ಯಾಸವಾದ ಕಣ್ಣಿಗಿಂತ ಹೊಸ ಕಣ್ಣು ಅಕ್ಷರವನ್ನು ಚೆನ್ನಾಗಿ ಓದುತ್ತದೆ.

ಕೊನೆಯದು ವಿಳಾಸ. ಒಂದು ಪೆಟ್ಟಿಗೆ ಮುಚ್ಚಿ, ಟೇಪು ಹಚ್ಚಿ, ಅದರ ಲೇಬಲ್ ಅಂಟಿಸಿದ ಮೇಲೆಯೇ ಮುಂದಿನ ಟ್ರೇಗೆ ಕೈ ಹಾಕಬೇಕು. ಎಲ್ಲ ಪೆಟ್ಟಿಗೆ ಮುಚ್ಚಿ ಆಮೇಲೆ ಒಟ್ಟಿಗೆ ಲೇಬಲ್ ಹಚ್ಚೋಣ ಎಂದುಕೊಂಡರೆ, ಮುಚ್ಚಿದ ಎರಡು ಪೆಟ್ಟಿಗೆಗಳಲ್ಲಿ ಯಾವುದು ಪುಣೆಯದು, ಯಾವುದು ಹೈದರಾಬಾದಿನದು ಎಂದು ಹೇಳಲು ಮತ್ತೆ ಬಿಚ್ಚುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ತೆಗೆಯುವುದು, ಹಂಚುವುದು ಒಟ್ಟಿಗೆ ಆಗಬೇಕಾದ ಕೆಲಸಗಳು. ಮುಚ್ಚುವುದು, ಲೇಬಲ್ ಅಂಟಿಸುವುದು ಒಂದೊಂದಾಗಿಯೇ ಆಗಬೇಕಾದ ಕೆಲಸಗಳು.

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ದೂರು ಬರುತ್ತದೆ. ಆ ದಿನದ ಪಟ್ಟಿಯನ್ನು ಬಿಸಾಡದೆ ಇಟ್ಟಿದ್ದರೆ, ತಪ್ಪು ಯಾವ ಹಂತದಲ್ಲಿ ಹುಟ್ಟಿತು ಎಂಬುದನ್ನು ದೂರೇ ಹೇಳುತ್ತದೆ. "ಒಂದು ಪಾಕೀಟು ಕಡಿಮೆ ಇದೆ" ಎಂದರೆ ತಪ್ಪು ಹಂಚುವಲ್ಲಿ, ಕೈಯಲ್ಲಿ ಉಳಿದದ್ದನ್ನು ಯಾರೋ ಡಬ್ಬಕ್ಕೆ ವಾಪಸ್ ಹಾಕಿದ್ದಾರೆ. "ಕೇಳಿದ್ದು ಬಿಟ್ಟು ಬೇರೆ ಬಂದಿದೆ" ಎಂದರೆ ತಪ್ಪು ಕಪಾಟಿನಲ್ಲಿ, ಹೋಲುವ ಎರಡು ಸಾಮಾನುಗಳನ್ನು ಇನ್ನೂ ದೂರ ಇಡಬೇಕು, ಇಲ್ಲವೇ ಲೇಬಲ್ಲಿನ ಬಣ್ಣ ಬದಲಿಸಬೇಕು. "ಬೇರೆಯವರ ಪಾರ್ಸೆಲ್ ಬಂದಿದೆ" ಎಂದರೆ ತಪ್ಪು ಟೇಪಿನ ಮೇಜಿನಲ್ಲಿ. ಮೂರು ದೂರಿಗೆ ಮೂರು ಬೇರೆ ಬೇರೆ ಮದ್ದು. ಇನ್ನು ಮುಂದೆ ಎಚ್ಚರಿಕೆಯಿಂದ ಇರೋಣ ಎಂದುಕೊಳ್ಳುವುದು ಇವುಗಳಲ್ಲಿ ಯಾವುದಕ್ಕೂ ಮದ್ದಲ್ಲ. ಯಾವ ಹಂತ ಎಂದು ಗೊತ್ತುಮಾಡಿಕೊಂಡು ಅದೊಂದನ್ನೇ ಬದಲಿಸಿದರೆ, ಮುಂದಿನ ಸೋಮವಾರದ ಇಪ್ಪತ್ತು ಆರ್ಡರ್‌ಗಳಲ್ಲಿ ಅದೇ ತಪ್ಪು ಮತ್ತೆ ನುಸುಳಲು ಜಾಗ ಇರುವುದಿಲ್ಲ.